ನಾಲ್ಕು ಸ್ಕೂಪ್ ಹಾಕಿದರೆ ಸ್ನಾಯು ಬೇಗ ತುಂಬುತ್ತದೆಯೇ?

ಜಿಮ್ಮಿಗೆ ಹೊಸದಾಗಿ ಸೇರಿದವರು ಕ್ರಿಯೇಟಿನ್ ಡಬ್ಬಿ ತೆರೆದ ಎರಡನೇ ವಾರದಲ್ಲೇ ಒಂದು ಪ್ರಶ್ನೆ ಕೇಳತೊಡಗುತ್ತಾರೆ: ದಿನಕ್ಕೆ 5 ಗ್ರಾಂ ತೆಗೆದುಕೊಂಡರೆ ಇಷ್ಟು ಫಲ ಸಿಗುವುದಾದರೆ, 20 ಗ್ರಾಂ, 30 ಗ್ರಾಂ ತೆಗೆದುಕೊಂಡರೆ ಅಷ್ಟು ಬೇಗ ಸಿಗಬೇಡವೇ? ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ಉತ್ತರದ ಒಂದು ತುಣುಕು ‘ಹೌದು’ ಎಂದೇ ಇದೆ. ಆದರೆ ಆ ಹೌದು ಒಂದು ವಾರಕ್ಕೆ ಮುಗಿದುಹೋಗುತ್ತದೆ, ಮತ್ತು ಅದು ನಾವು ಅಂದುಕೊಂಡ ಫಲಕ್ಕೆ ಸಂಬಂಧಿಸಿದ್ದೂ ಅಲ್ಲ.

ಕ್ರಿಯೇಟಿನ್ ಹೊರಗಿನಿಂದ ಬಂದ ಔಷಧವಲ್ಲ. ನಮ್ಮ ಮೂತ್ರಪಿಂಡ ಮತ್ತು ಯಕೃತ್ತು ಸೇರಿ ಮೂರು ಅಮೈನೋ ಆಮ್ಲಗಳಿಂದ ಅದನ್ನು ದಿನವೂ ತಯಾರಿಸುತ್ತವೆ. ಮಾಂಸ, ಮೀನು ತಿನ್ನುವವರಿಗೆ ಊಟದಿಂದಲೂ ಸುಮಾರು ಒಂದು ಗ್ರಾಂ ಸಿಗುತ್ತದೆ. 70 ಕಿಲೋ ತೂಕದ ಮನುಷ್ಯನ ಮೈಯಲ್ಲಿ ಒಟ್ಟು ಸುಮಾರು 120 ಗ್ರಾಂ ಕ್ರಿಯೇಟಿನ್ ಇರುತ್ತದೆ, ಅದರಲ್ಲಿ ನೂರಕ್ಕೆ 95 ಭಾಗ ಸ್ನಾಯುಗಳಲ್ಲೇ. ಭಾರ ಎತ್ತುವ ಮೊದಲ ಹತ್ತು ಸೆಕೆಂಡುಗಳಲ್ಲಿ ಅದರ ಕೆಲಸ ಕಾಣುತ್ತದೆ. ಸ್ನಾಯು ಸಂಕುಚಿಸಲು ಎಟಿಪಿ ಎಂಬ ಅಣುವನ್ನು ಖರ್ಚು ಮಾಡುತ್ತದೆ. ಖರ್ಚಾದ ಎಟಿಪಿಯನ್ನು ತಕ್ಷಣ ಮತ್ತೆ ಕಟ್ಟಿಕೊಡುವುದು ಫಾಸ್ಫೇಟ್ ಹೊತ್ತು ಕುಳಿತಿರುವ ಕ್ರಿಯೇಟಿನ್. ಈ ದಾಸ್ತಾನು ಹೆಚ್ಚಿದ್ದರೆ ಎಂಟು ಸಲ ಎತ್ತಿ ನಿಲ್ಲಿಸುವವರು ಒಂಬತ್ತನೆಯದನ್ನೂ ಎತ್ತಬಹುದು. ಆ ಹೆಚ್ಚುವರಿ ಎತ್ತುಗಳೇ ತಿಂಗಳುಗಟ್ಟಲೆ ಸೇರುತ್ತಾ ಹೋಗಿ ಬಲವಾಗುತ್ತವೆ, ಸ್ನಾಯುವಾಗುತ್ತವೆ. ಪುಡಿ ತಾನಾಗಿ ಮಾಂಸ ಬೆಳೆಸುವುದಿಲ್ಲ.

ಹಾಗಾಗಿ ಕೇಳಬೇಕಾದದ್ದು ಈ ದಾಸ್ತಾನು ಎಷ್ಟರವರೆಗೆ ತುಂಬುತ್ತದೆ, ಎಷ್ಟು ಬೇಗ ತುಂಬುತ್ತದೆ ಎಂಬುದು. ಇದನ್ನು ಊಹಿಸಬೇಕಾಗಿಲ್ಲ. ಸ್ವೀಡನ್ನಿನಲ್ಲಿ ರೋಜರ್ ಹ್ಯಾರಿಸ್, ಎರಿಕ್ ಹಲ್ಟ್‌ಮನ್ ಮತ್ತು ಸಂಗಡಿಗರು ತೊಡೆಯ ಸ್ನಾಯುವಿಗೆ ಸೂಜಿ ಹಾಕಿ, ಚೂರು ಮಾಂಸ ತೆಗೆದು, ಒಣಗಿಸಿ, ಅದರೊಳಗಿನ ಕ್ರಿಯೇಟಿನ್ ಅಳೆದಿದ್ದಾರೆ. 1992ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಮೂವರಿಗೆ ದಿನಕ್ಕೆ ಆರು ಸಲ ಐದೈದು ಗ್ರಾಂ, ಅಂದರೆ 30 ಗ್ರಾಂ ಕೊಟ್ಟು, ಅವರ ಮೂತ್ರವನ್ನೂ ಸಂಗ್ರಹಿಸಿದರು. ಮೊದಲ ದಿನ ಕೊಟ್ಟದ್ದರಲ್ಲಿ ನೂರಕ್ಕೆ 40 ಭಾಗ ಮೂತ್ರದಲ್ಲಿ ಹೊರಬಂತು. ಎರಡನೇ ದಿನ 61, ಮೂರನೇ ದಿನ 68. ಲೆಕ್ಕ ಹಾಕಿ ನೋಡಿ: ಮೂರು ದಿನದಲ್ಲಿ ಒಳಗೆ ಹೋದದ್ದು 90 ಗ್ರಾಂ, ಬದಲಾಗದೆ ಹಾಗೇ ಹೊರಬಂದದ್ದು ಸುಮಾರು 50 ಗ್ರಾಂ. ಕೆರೆ ತುಂಬುತ್ತಾ ಬಂದಂತೆ ಕೋಡಿಯಲ್ಲಿ ಹರಿಯುವ ನೀರು ಹೆಚ್ಚುವ ಹಾಗೆ, ಪುಡಿ ಎಷ್ಟು ಸುರಿದರೂ ನಿಲ್ಲುವ ಪಾಲು ದಿನದಿಂದ ದಿನಕ್ಕೆ ಕಡಿಮೆಯಾಗುತ್ತಾ ಹೋಯಿತು.

ಹೀಗೇಕಾಗುತ್ತದೆ? ರಕ್ತದಿಂದ ಸ್ನಾಯುಕೋಶದೊಳಕ್ಕೆ ಕ್ರಿಯೇಟಿನ್ ತಾನಾಗಿ ನುಸುಳಲಾರದು. ಕೋಶದ ಪೊರೆಯಲ್ಲಿ ಕೂತಿರುವ ಒಂದು ಸಾಗಣೆ ಪ್ರೋಟೀನು ಸೋಡಿಯಂ ಜೊತೆಗೂಡಿಸಿ ಅದನ್ನು ಒಳಗೆ ಎಳೆದುಕೊಳ್ಳುತ್ತದೆ. ಈ ಬಾಗಿಲುಗಳ ಸಂಖ್ಯೆ ಸೀಮಿತ. ಒಳಗೆ ಕ್ರಿಯೇಟಿನ್ ಹೆಚ್ಚಾದಂತೆ ಕೋಶ ಈ ಸಾಗಣೆಯನ್ನು ತಗ್ಗಿಸುತ್ತದೆ. ಒಣಗಿಸಿದ ಒಂದು ಕಿಲೋ ಸ್ನಾಯುವಿನಲ್ಲಿ ಸಾಮಾನ್ಯವಾಗಿ 120 ಮಿಲಿಮೋಲ್ ಆಸುಪಾಸು ಇರುವ ಕ್ರಿಯೇಟಿನ್, ಎಷ್ಟು ತಿಂದರೂ 150-160ರ ಹತ್ತಿರ ನಿಂತುಬಿಡುತ್ತದೆ. ಮೂತ್ರಪಿಂಡದ ನಾಳಗಳಲ್ಲೂ ಇಂಥದೇ ಪ್ರೋಟೀನು ಇದೆ. ಮಾಮೂಲಿ ದಿನಗಳಲ್ಲಿ ಅದು ಸೋಸಿಹೋದ ಕ್ರಿಯೇಟಿನ್ನನ್ನು ಮತ್ತೆ ರಕ್ತಕ್ಕೆ ಎಳೆದು ತರುತ್ತದೆ. ಒಮ್ಮೆಗೇ ಹತ್ತು ಹದಿನೈದು ಗ್ರಾಂ ಬಂದಾಗ ಅದಕ್ಕೂ ಕೈ ಸಾಲದೆ ಉಳಿದದ್ದೆಲ್ಲ ಮೂತ್ರಕ್ಕೆ ಬೀಳುತ್ತದೆ.

ಬೇಗ ತುಂಬುವ ಮಾತಿಗೆ ಬಂದರೆ, 1996ರಲ್ಲಿ ಹಲ್ಟ್‌ಮನ್ ತಂಡ ಅದನ್ನು ನೇರವಾಗಿ ಹೋಲಿಸಿ ನೋಡಿತು. ಒಂದು ಗುಂಪಿಗೆ ದಿನಕ್ಕೆ 20 ಗ್ರಾಂನಂತೆ ಆರು ದಿನ. ಇನ್ನೊಂದು ಗುಂಪಿಗೆ ದಿನಕ್ಕೆ ಬರೀ 3 ಗ್ರಾಂ, ಆದರೆ 28 ದಿನ. ಎರಡೂ ಗುಂಪಿನ ಸ್ನಾಯುವಿನ ದಾಸ್ತಾನು ಕೊನೆಗೆ ಸರಿಸುಮಾರು ಒಂದೇ ಮಟ್ಟಕ್ಕೆ, ನೂರಕ್ಕೆ 20ರಷ್ಟು ಮೇಲಕ್ಕೆ ಏರಿತು. ಮೊದಲನೆಯವರು ನುಂಗಿದ್ದು 120 ಗ್ರಾಂ, ಎರಡನೆಯವರು 84 ಗ್ರಾಂ. ಜಿಮ್ಮಿನವರು ‘ಲೋಡಿಂಗ್’ ಅನ್ನುವುದು ಈ ಮೊದಲ ದಾರಿಗೆ. ಅದರಿಂದ ಉಳಿಯುವುದು ಸುಮಾರು ಮೂರು ವಾರ, ಅದೂ ಒಂದೇ ಸಲ. ದಾಸ್ತಾನು ತುಂಬಿದ ಮೇಲೆ ಮೈಗೆ ಬೇಕಾದದ್ದು ದಿನವೂ ಸವೆದುಹೋಗುವ ಸುಮಾರು 2 ಗ್ರಾಂ ಮಾತ್ರ. ಅದರಲ್ಲೂ ಒಂದಿಷ್ಟನ್ನು ದೇಹವೇ ಮಾಡಿಕೊಳ್ಳುತ್ತದೆ. ಇನ್ನೆರಡು ವಾರದಲ್ಲಿ ಸ್ಪರ್ಧೆ ಇರುವ ಓಟಗಾರನಿಗೆ ಲೋಡಿಂಗ್ ಅರ್ಥಪೂರ್ಣ. ವರ್ಷವಿಡೀ ಜಿಮ್ಮಿಗೆ ಹೋಗುವವರಿಗೆ ಅದರ ಅಗತ್ಯ ನನಗೆ ಕಾಣುವುದಿಲ್ಲ. 20ನ್ನು 40 ಮಾಡಿದರೆ ಆರು ದಿನ ಮೂರಾಗುವುದಿಲ್ಲ, ಏಕೆಂದರೆ ತಡವಾಗುತ್ತಿರುವುದು ಪುಡಿ ಸಾಲದೆ ಅಲ್ಲ, ಬಾಗಿಲು ಸಾಲದೆ.

ಹ್ಯಾರಿಸರ 1992ರ ಅಧ್ಯಯನದಲ್ಲಿ ಇನ್ನೊಂದು ಪ್ರಯೋಗವೂ ಇತ್ತು, ಅದರ ಬಗ್ಗೆ ಜಿಮ್ಮುಗಳಲ್ಲಿ ಮಾತು ಕಡಿಮೆ. ಕೆಲವರಿಗೆ ದಿನವೂ ಒಂದು ಗಂಟೆ ಒಂದೇ ಕಾಲಿನಿಂದ ಸೈಕಲ್ ತುಳಿಸಿದರು, ಇನ್ನೊಂದು ಕಾಲು ಸುಮ್ಮನಿತ್ತು. ತಿಂದ ಕ್ರಿಯೇಟಿನ್ ಒಂದೇ, ಹರಿದ ರಕ್ತ ಒಂದೇ. ಆರಂಭದಲ್ಲಿ 118 ಇದ್ದ ಮಟ್ಟ ಸುಮ್ಮನಿದ್ದ ಕಾಲಿನಲ್ಲಿ ಸುಮಾರು 149ಕ್ಕೆ ಏರಿತು, ತುಳಿದ ಕಾಲಿನಲ್ಲಿ 162ಕ್ಕೆ. ಒಂದೇ ಮೈಯ ಎರಡು ಕಾಲುಗಳ ನಡುವಿನ ಈ ಅಂತರಕ್ಕೆ ಪುಡಿಯ ಪ್ರಮಾಣ ಕಾರಣವಾಗಲು ಸಾಧ್ಯವೇ ಇಲ್ಲ. ಆತುರ ಇರುವವರು ಸ್ಕೂಪು ಬಿಟ್ಟು ನೋಡಬೇಕಾದ ಜಾಗ ಇದು.

ಅದೇ ಅಧ್ಯಯನದಲ್ಲಿ, ಶುರುವಿನಲ್ಲಿ ಯಾರ ದಾಸ್ತಾನು ಕಡಿಮೆ ಇತ್ತೋ ಅವರಲ್ಲೇ ಏರಿಕೆ ಹೆಚ್ಚು ಕಂಡಿತ್ತು. ಮಾಂಸ, ಮೀನು ಮುಟ್ಟದ ಸಸ್ಯಾಹಾರಿಗಳು ಸಾಮಾನ್ಯವಾಗಿ ಈ ಗುಂಪಿಗೆ ಸೇರುತ್ತಾರೆ, ಆದ್ದರಿಂದ ನಮ್ಮ ಕಡೆಯ ಎಷ್ಟೋ ಮಂದಿಗೆ ಮಾಮೂಲಿ 3-5 ಗ್ರಾಂನಲ್ಲೇ ಫಲ ಚೆನ್ನಾಗಿ ಕಾಣುತ್ತದೆ. ಖಾಲಿ ಜಾಗ ಅವರಲ್ಲಿ ಹೆಚ್ಚು ಎಂದು ಪ್ರಮಾಣವನ್ನು ನಾಲ್ಕು ಪಟ್ಟು ಮಾಡಬೇಕಾಗಿಲ್ಲ.

ಇನ್ನು ಮಿಕ್ಕದ್ದು ಏನು ಮಾಡುತ್ತದೆ? ಮೊದಲ ಪೆಟ್ಟು ಹೊಟ್ಟೆಗೆ. ಒಂದೇ ಸಲ ಹೆಚ್ಚು ಪುಡಿ ಹೋದಾಗ ಕರುಳು ಹೀರಿಕೊಳ್ಳದೆ ಉಳಿದದ್ದು ತನ್ನ ಸುತ್ತ ನೀರನ್ನು ಎಳೆದುಕೊಳ್ಳುತ್ತದೆ, ಭೇದಿಯಾಗುತ್ತದೆ. ಫುಟ್‌ಬಾಲ್ ಆಟಗಾರರ ಮೇಲೆ 2008ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ದಿನದ 10 ಗ್ರಾಂ ಅನ್ನು ಐದೈದರಂತೆ ಎರಡು ಸಲ ತೆಗೆದುಕೊಂಡವರಲ್ಲಿ ನೂರಕ್ಕೆ 29 ಮಂದಿ ಭೇದಿಯ ದೂರು ಹೇಳಿದ್ದರು. ಅದೇ 10 ಗ್ರಾಂ ಒಂದೇ ಸಲ ನುಂಗಿದವರಲ್ಲಿ 56 ಮಂದಿ. ದಿನದ ಮೊತ್ತ ಬದಲಾಗಿರಲಿಲ್ಲ, ಒಂದು ಲೋಟಕ್ಕೆ ಬಿದ್ದ ಪುಡಿ ಮಾತ್ರ ದುಪ್ಪಟ್ಟು. ತಳದಲ್ಲಿ ಕರಗದ ಹರಳು ಉಳಿದ ಲೋಟವನ್ನು ಕುಡಿದು, ಸ್ವಲ್ಪ ಹೊತ್ತಿನಲ್ಲೇ ಹೊಟ್ಟೆ ಗುಡುಗುಟ್ಟಿದರೆ ಕಾರಣವನ್ನು ಬೇರೆಲ್ಲೂ ಹುಡುಕಬೇಡಿ. ಸ್ಕೂಪನ್ನು ಗೋಪುರದಂತೆ ತುಂಬಿದರೆ ಗೊತ್ತಿಲ್ಲದೆಯೇ ಪ್ರಮಾಣ ಏರುತ್ತದೆ. ‘ಪ್ರೀ ವರ್ಕೌಟ್’, ‘ಗೇನರ್’ ಡಬ್ಬಿಗಳಲ್ಲೂ ಎಷ್ಟೋ ಸಲ ಕ್ರಿಯೇಟಿನ್ ಸೇರಿರುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಮೊದಲ ವಾರದ ತೂಕವೂ ಜನರನ್ನು ದಾರಿ ತಪ್ಪಿಸುತ್ತದೆ. ಲೋಡಿಂಗ್ ಮಾಡಿದವರು ತಕ್ಕಡಿ ಹತ್ತಿ ಒಂದೆರಡು ಕಿಲೋ ಏರಿದ್ದು ಕಂಡು ಸ್ನಾಯು ಬಂತೆಂದು ಹಿಗ್ಗುತ್ತಾರೆ. ಆರು ದಿನದಲ್ಲಿ ಯಾರಿಗೂ ಅಷ್ಟು ಮಾಂಸ ಬೆಳೆಯುವುದಿಲ್ಲ. ಕ್ರಿಯೇಟಿನ್ ಜೊತೆ ಮೈಯಲ್ಲಿ ನಿಂತ ನೀರು ಅದು. ಅದೇ ಏರಿಕೆಯನ್ನು ಎರಡನೇ ವಾರವೂ ಬಯಸಿ ಪ್ರಮಾಣ ಹೆಚ್ಚಿಸಿದರೆ ತಕ್ಕಡಿಯ ಮುಳ್ಳು ಕದಲುವುದಿಲ್ಲ, ಡಬ್ಬಿ ಮಾತ್ರ ಖಾಲಿಯಾಗುತ್ತದೆ. ದಿನಕ್ಕೆ 5 ಗ್ರಾಂನಂತೆ 50 ದಿನ ಬರುವ 250 ಗ್ರಾಂ ಡಬ್ಬಿ, 30 ಗ್ರಾಂನಂತೆ ಒಂಬತ್ತನೇ ದಿನಕ್ಕೆ ಮುಗಿದಿರುತ್ತದೆ.

ಇಷ್ಟು ಹೆಚ್ಚು ತಿಂದರೆ ಆರೋಗ್ಯವಂತರ ಮೂತ್ರಪಿಂಡ ಕೆಡುತ್ತದೆಯೇ? ಪಾರ್ಕಿನ್ಸನ್ ರೋಗಿಗಳಿಗೆ ದಿನಕ್ಕೆ 10 ಗ್ರಾಂ, ಹಂಟಿಂಗ್ಟನ್ ಕಾಯಿಲೆಯವರಿಗೆ 40 ಗ್ರಾಂವರೆಗೆ ವರ್ಷಗಟ್ಟಲೆ ಕೊಟ್ಟು ನೋಡಿದ ದೊಡ್ಡ ಪ್ರಯೋಗಗಳು ನಡೆದಿವೆ. ಕಾಯಿಲೆ ನಿಧಾನವಾಗಲಿಲ್ಲ. 553 ಮಂದಿ ಇದ್ದ ಎರಡನೆಯ ಪ್ರಯೋಗದಲ್ಲಿ ಎದ್ದು ಕಂಡ ತೊಂದರೆ ಮತ್ತೆ ಹೊಟ್ಟೆ, ಕರುಳಿನದೇ. ಇದು ಅಷ್ಟು ತಿನ್ನಲು ಪರವಾನಗಿಯಲ್ಲ, ಏಕೆಂದರೆ ಅವರು ವೈದ್ಯರ ಕಣ್ಣಳತೆಯಲ್ಲಿದ್ದವರು. ಮೊದಲೇ ಮೂತ್ರಪಿಂಡದ ಕಾಯಿಲೆ ಇರುವವರಂತೂ ವೈದ್ಯರನ್ನು ಕೇಳದೆ ಈ ಪುಡಿ ಮುಟ್ಟಬಾರದು.

ಆರೋಗ್ಯವಂತರಿಗೆ ಎದುರಾಗುವ ತೊಡಕು ಬೇರೆ, ಅದು ಬರುವುದು ಲ್ಯಾಬ್ ರಿಪೋರ್ಟಿನಲ್ಲಿ. ಮೈಯಲ್ಲಿರುವ ಕ್ರಿಯೇಟಿನ್ ನಿಧಾನವಾಗಿ ಕ್ರಿಯಾಟಿನಿನ್ ಎಂಬ ಕಸವಾಗಿ ಮಾರ್ಪಡುತ್ತದೆ. ಮೂತ್ರಪಿಂಡ ಹೇಗೆ ಕೆಲಸ ಮಾಡುತ್ತಿದೆ ಎಂದು ಅಳೆಯಲು ಲ್ಯಾಬಿನವರು ನೋಡುವುದು ಇದನ್ನೇ. ದಾಸ್ತಾನು ಹೆಚ್ಚಾದರೆ ಕಸವೂ ಹೆಚ್ಚು. 28 ವರ್ಷದ ಒಬ್ಬ ಯುವಕನ ಕ್ರಿಯಾಟಿನಿನ್ 1.0 ಇತ್ತು ಅಂದುಕೊಳ್ಳಿ. ಈಗ ಬಳಕೆಯಲ್ಲಿರುವ 2021ರ ಸೂತ್ರದಲ್ಲಿ ಅವನ ಸೋಸುವಿಕೆಯ ಅಂದಾಜು, ಅಂದರೆ ಇಜಿಎಫ್‌ಆರ್, ಸುಮಾರು 105. ಅದು 1.3ಕ್ಕೆ ಏರಿದರೆ ಅಂದಾಜು 77ಕ್ಕೆ ಕುಸಿಯುತ್ತದೆ. ಮೂತ್ರಪಿಂಡ ಮೊದಲಿನಷ್ಟೇ ಸೋಸುತ್ತಿದ್ದರೂ ಕಾಗದದ ಮೇಲೆ ಕಾಲು ಭಾಗ ಶಕ್ತಿ ಹೋದಂತೆ ಕಾಣುತ್ತದೆ. ಈ ರಿಪೋರ್ಟ್ ಕಂಡು ಮನೆಮಂದಿಯೆಲ್ಲ ಗಾಬರಿಯಾಗುವುದು ಒಂದು ತಪ್ಪು. ‘ಅದೆಲ್ಲ ಪುಡಿಯಿಂದ ಹಾಗೆ’ ಎಂದು ನಿಜವಾದ ಕಾಯಿಲೆಯನ್ನು ತಳ್ಳಿಹಾಕುವುದು ಅದಕ್ಕಿಂತ ದೊಡ್ಡ ತಪ್ಪು.

ಎರಡನ್ನೂ ಬೇರ್ಪಡಿಸಲು ದಾರಿ ಇದೆ. ಸಿಸ್ಟಾಟಿನ್-ಸಿ ಎಂಬ ಇನ್ನೊಂದು ರಕ್ತಪರೀಕ್ಷೆಯ ಅಂಕಿ ಕ್ರಿಯೇಟಿನ್‌ನಿಂದ ಏರುವುದಿಲ್ಲ. ಮೂತ್ರದಲ್ಲಿ ಅಲ್ಬುಮಿನ್ ಸೋರುತ್ತಿದೆಯೇ ಎಂಬುದನ್ನೂ ನೋಡಿಸಬಹುದು. ಪುಡಿ ನಿಲ್ಲಿಸಿದ ಮೇಲೆ ಸ್ನಾಯುವಿನ ದಾಸ್ತಾನು ಹಳೆಯ ಮಟ್ಟಕ್ಕೆ ಇಳಿಯಲು ಸುಮಾರು ನಾಲ್ಕು ವಾರ ಬೇಕು. ಆಮೇಲೆ, ಹಿಂದಿನ ದಿನ ಭಾರ ಎತ್ತದೆ, ಮಾಂಸದ ಊಟವನ್ನೂ ಬಿಟ್ಟು ಮತ್ತೊಮ್ಮೆ ರಕ್ತ ಕೊಟ್ಟರೆ ಅಂಕಿ ಎತ್ತ ಸಾಗಿದೆ ಎಂಬುದು ಗೊತ್ತಾಗುತ್ತದೆ. ಇದನ್ನೆಲ್ಲ ನಿರ್ಧರಿಸಬೇಕಾದದ್ದು ವೈದ್ಯರು. ಅವರ ಮುಂದೆ ಕೂತಾಗ ಡಬ್ಬಿಯ ಹೆಸರಿಗಿಂತ ಮುಖ್ಯವಾಗಿ, ದಿನಕ್ಕೆ ಎಷ್ಟು ಗ್ರಾಂ, ಎಷ್ಟು ದಿನದಿಂದ ಎಂಬುದನ್ನು ಮುಚ್ಚಿಡದೆ ಹೇಳಿ.