ಮೂವತ್ತು–ನಲವತ್ತರ ಸೈಟಿನಲ್ಲಿ ಎಷ್ಟು ಪದ?

ಪ್ರತಿ ವರ್ಷ ಪ್ರಥಮ ಪಿಯುಸಿಯ ಮೊದಲ ವಾರ ನಾನು ಬೋರ್ಡಿನ ಮೇಲೆ ಒಂದು ಬೀಜೋಕ್ತಿ ಬರೆದು, "ಇದರಲ್ಲಿ ಎಷ್ಟು ಪದಗಳಿವೆ?" ಎಂದು ಕೇಳುತ್ತೇನೆ. ಎರಡು ಎನ್ನುವವರು, ನಾಲ್ಕು ಎನ್ನುವವರು, ಮೂರು ಎನ್ನುವವರು, ಮೂವರೂ ಸಿಗುತ್ತಾರೆ. ಒಮ್ಮೆ ಹೀಗೆ ಕೇಳಿದಾಗ ಕೊನೆಯ ಬೆಂಚಿನ ಒಬ್ಬ ಹುಡುಗ, "ಸರ್, ಪದ ಅಂದ್ರೆ ಕನ್ನಡ ಪೀರಿಯಡ್‌ನಲ್ಲಿ ಬರೋ ಪದಾನಾ?" ಎಂದ. ತರಗತಿಯೆಲ್ಲ ನಕ್ಕಿತು. ಆದರೆ ಪ್ರಶ್ನೆ ತಪ್ಪಲ್ಲ. ಅದೇ ಶಬ್ದ ಕನ್ನಡ ತರಗತಿಯಲ್ಲಿ ಒಂದು ಅರ್ಥ ಕೊಡುತ್ತದೆ, ಹಳ್ಳಿಯಲ್ಲಿ ಹಾಡಿಗೂ ಪದ ಎನ್ನುತ್ತಾರೆ, ಗಣಿತದಲ್ಲಿ ಬೇರೆಯೇ ಆಗುತ್ತದೆ. ಎಸ್ಸೆಸ್ಸೆಲ್ಸಿ ಮುಗಿಸಿ ಬಂದವರಲ್ಲೂ ಇದು ಅಸ್ಪಷ್ಟವಾಗಿ ಉಳಿದಿರುತ್ತದೆ. ಅದಕ್ಕೇ ಏನೂ ಗೊತ್ತಿಲ್ಲ ಎಂದುಕೊಂಡೇ ಇಲ್ಲಿಂದ ಶುರುಮಾಡುತ್ತೇನೆ.

ಸಿದ್ಧಾರ್ಥನಗರದಲ್ಲಿ ಓಡಾಡುವವರಿಗೆ 'ಮೂವತ್ತು–ನಲವತ್ತು' ಅಂದರೆ ಬಿಡಿಸಿ ಹೇಳಬೇಕಿಲ್ಲ. ಅಗಲ 30 ಅಡಿ, ಉದ್ದ 40 ಅಡಿ, ಒಟ್ಟು 1200 ಚದರ ಅಡಿಯ ಸೈಟು. ಇಂಥ ಸೈಟಿನಲ್ಲಿ ಗೋಡೆಯನ್ನು ಕಾಂಪೌಂಡಿಗೆ ಅಂಟಿಸಿ ಕಟ್ಟುವುದಿಲ್ಲ. ಗಾಳಿ ಬೆಳಕಿಗೆಂದು ಸುತ್ತ ಸ್ವಲ್ಪ ಜಾಗ ಬಿಡುತ್ತಾರೆ. ಅದನ್ನೇ ಸೆಟ್‌ಬ್ಯಾಕ್ ಎನ್ನುವುದು. ಎಷ್ಟು ಬಿಡಬೇಕೆಂದು ಇನ್ನೂ ತೀರ್ಮಾನವಾಗಿಲ್ಲ ಎಂದುಕೊಳ್ಳಿ. ಆಗ ಅದಕ್ಕೆ x ಅಡಿ ಎಂದು ಹೆಸರಿಡುತ್ತೇವೆ. x ಯಾವ ಬೆಲೆಯನ್ನಾದರೂ ತೆಗೆದುಕೊಳ್ಳಬಹುದಾದ್ದರಿಂದ ಅದು ಚರಾಕ್ಷರ. 30, 40, 1200 ಬದಲಾಗುವುದಿಲ್ಲ, ಅವು ಸ್ಥಿರಾಂಕಗಳು.

ಎಡಕ್ಕೆ x, ಬಲಕ್ಕೆ x ಬಿಟ್ಟರೆ ಮನೆಯ ಅಗಲಕ್ಕೆ ಉಳಿಯುವುದು 30 − 2x. ಮುಂದೆ x, ಹಿಂದೆ x ಬಿಟ್ಟರೆ ಉದ್ದಕ್ಕೆ ಉಳಿಯುವುದು 40 − 2x. ಮನೆಯ ತಳದ ವಿಸ್ತೀರ್ಣ:

(30 − 2x)(40 − 2x)

ನಾನು ಬೋರ್ಡಿನ ಮೇಲೆ ಬರೆಯುವುದು ಇದನ್ನೇ. ಎರಡು ಆವರಣ ಕಂಡವರು 'ಎರಡು ಪದ' ಎನ್ನುತ್ತಾರೆ. ಆದರೆ ಆವರಣಗಳ ನಡುವೆ ಇರುವುದು ಗುಣಾಕಾರ. ಗುಣಾಕಾರ ಪದಗಳನ್ನು ಬೇರ್ಪಡಿಸುವುದಿಲ್ಲ, ಅಂಟಿಸುತ್ತದೆ. ಪದಗಳನ್ನು ಬೇರ್ಪಡಿಸುವುದು ಕೂಡು ಮತ್ತು ಕಳೆ ಚಿಹ್ನೆಗಳು ಮಾತ್ರ. ಆದ್ದರಿಂದ ಮೊದಲು ಗುಣಿಸಿ ಬಿಡಿಸಬೇಕು:

1200 − 60x − 80x + 4x²

ಈಗ 'ನಾಲ್ಕು' ಎಂದವರು ಕೈ ಎತ್ತುತ್ತಾರೆ. ಅವರೂ ಸ್ವಲ್ಪ ತಾಳಬೇಕು. −60x ಮತ್ತು −80x ಎರಡರಲ್ಲೂ ಇರುವ ಅಕ್ಷರಭಾಗ x ಒಂದೇ. ಇಂಥವು ಸಜಾತಿ ಪದಗಳು, ಸೇರಿ ಒಂದಾಗುತ್ತವೆ. ಕೊನೆಗೆ ಉಳಿಯುವುದು:

4x² − 140x + 1200

ಇನ್ನು ಯಾವುದನ್ನೂ ಸೇರಿಸಲಾಗದು, ಏಕೆಂದರೆ x² ಮತ್ತು x ವಿಜಾತಿ. ಈಗ ಎಣಿಸಿ, ಮೂರು ಪದ. ಬಿಡಿಸಿ, ಸಜಾತಿ ಪದಗಳನ್ನು ಕೂಡಿಸಿ, ಆಮೇಲೆ ಎಣಿಸುವುದು ಎಂಬ ಕ್ರಮ ತಪ್ಪಿದರೆ ಉತ್ತರವೂ ತಪ್ಪುತ್ತದೆ. ನಾನು ನೋಡಿದ ಉತ್ತರಪತ್ರಿಕೆಗಳಲ್ಲಿ ವರ್ಗೀಕರಣದ ಪ್ರಶ್ನೆಗೆ ಅಂಕ ಹೋಗುವುದು ಹೆಚ್ಚಾಗಿ ಇಲ್ಲೇ.

ಈ ಮೂರು ಪದಗಳನ್ನು ಸೈಟಿನ ಮೇಲೇ ತೋರಿಸಬಹುದು. 1200 ಎಂದರೆ ಇಡೀ ಸೈಟು. ಅದರಿಂದ ನಾಲ್ಕೂ ಬದಿಯಲ್ಲಿ x ಅಡಿ ಅಗಲದ ಪಟ್ಟಿ ತೆಗೆಯುತ್ತೇವೆ. ಸೈಟಿನ ಸುತ್ತಳತೆ 30 + 40 + 30 + 40, ಅಂದರೆ 140 ಅಡಿ. ಹಾಗಾಗಿ ಪಟ್ಟಿಗಳು 140x. ಆದರೆ ಪ್ರತಿ ಮೂಲೆಯೂ ಎರಡು ಪಟ್ಟಿಗಳಿಗೆ ಸೇರಿರುವುದರಿಂದ ಅದನ್ನು ಎರಡೆರಡು ಸಲ ಕಳೆದಂತಾಯಿತು. ಮೂಲೆಯ ಚೌಕ x², ಮೂಲೆಗಳು ನಾಲ್ಕು. ಹೆಚ್ಚಾಗಿ ಕಳೆದದ್ದನ್ನು ವಾಪಸ್ ಕೂಡಬೇಕು, ಅದೇ 4x². ಸರಿಯೋ ಎಂದು ನೋಡಲು x = 3 ಎಂದಿಡಿ. ಮನೆ 24 ಅಡಿ ಅಗಲ, 34 ಅಡಿ ಉದ್ದ, ವಿಸ್ತೀರ್ಣ 816. ಬೀಜೋಕ್ತಿಯಲ್ಲಿ 36 − 420 + 1200, ಅದೂ 816. ಇದು ನನ್ನ ಹಳೆಯ ಅಭ್ಯಾಸ. ಬಿಡಿಸಿದ್ದರಲ್ಲಿ ಅನುಮಾನ ಬಂದರೆ ಒಂದು ಸಣ್ಣ ಸಂಖ್ಯೆ ಹಾಕಿ ಎರಡೂ ಕಡೆ ನೋಡಿಬಿಡುತ್ತೇನೆ.

ಈಗ ಹೆಸರುಗಳು. ಪದದಲ್ಲಿ ಅಕ್ಷರಭಾಗವನ್ನು ಗುಣಿಸುತ್ತಿರುವ ಸಂಖ್ಯೆ ಅದರ ಸಹಗುಣಕ. x² ನ ಸಹಗುಣಕ 4. x ನ ಸಹಗುಣಕ 140 ಎಂದು ಬರೆದರೆ ತಪ್ಪು, ಅದು −140. ಹಿಂದಿರುವ ಚಿಹ್ನೆ ಸಂಖ್ಯೆಯ ಸ್ವತ್ತು, ಅದನ್ನು ಬಿಟ್ಟು ಬರಬಾರದು. ಸಂಖ್ಯೆಯೇ ಕಾಣದಿದ್ದರೆ, ಉದಾಹರಣೆಗೆ x² ಎಂದಷ್ಟೇ ಇದ್ದರೆ ಸಹಗುಣಕ 1, −x ಎಂದಿದ್ದರೆ −1. 1200 ರ ಪಕ್ಕ ಅಕ್ಷರವೇ ಇಲ್ಲ, ಅದು ಸ್ಥಿರ ಪದ.

ಚಿಹ್ನೆಯ ವಿಷಯ ಬಂದಾಗ ನನಗೆ 12ನೇ ಶತಮಾನದ ಭಾಸ್ಕರಾಚಾರ್ಯರ ಬೀಜಗಣಿತ ನೆನಪಾಗುತ್ತದೆ. ಅಂದು x ಇರಲಿಲ್ಲ. ಗೊತ್ತಿಲ್ಲದ ಸಂಖ್ಯೆಗೆ 'ಯಾವತ್ತಾವತ್' ಎಂಬ ಹೆಸರು, ಎರಡನೆಯದಕ್ಕೆ 'ಕಾಲಕ', ಮೂರನೆಯದಕ್ಕೆ 'ನೀಲಕ' ಎಂದು ಬಣ್ಣಗಳ ಹೆಸರು. ಬರೆಯುವಾಗ ಮೊದಲಕ್ಷರ ಮಾತ್ರ: ಯಾ, ಕಾ, ನೀ. ವರ್ಗವಾದರೆ ಪಕ್ಕದಲ್ಲಿ 'ವ', ಬಿಡಿ ಸಂಖ್ಯೆಗೆ 'ರೂ'. ಕಳೆಯಬೇಕಾದ ಸಂಖ್ಯೆಯ ತಲೆಯ ಮೇಲೆ ಒಂದು ಚುಕ್ಕಿ. ಆ ಪದ್ಧತಿಯಲ್ಲಿ ನಮ್ಮ ಸೈಟು 'ಯಾವ 4, ಯಾ 140, ರೂ 1200' ಎಂದಾಗುತ್ತದೆ, 140 ರ ಮೇಲೆ ಚುಕ್ಕಿ. ಚಿಹ್ನೆ ಸಂಖ್ಯೆಯ ಮೇಲೆಯೇ ಕೂತಿರುವಾಗ ಅದನ್ನು ಮರೆತುಬರುವುದು ಕಷ್ಟ.

ಅದಕ್ಕೂ ಮೊದಲು, 9ನೇ ಶತಮಾನದ ಬಗ್ದಾದಿನಲ್ಲಿ ಅಲ್ ಖ್ವಾರಿಜ್ಮಿ ಚಿಹ್ನೆಯೇ ಇಲ್ಲದೆ ಎಲ್ಲವನ್ನೂ ಮಾತಿನಲ್ಲಿ ಬರೆದರು. ನಮ್ಮ x² ಅವರಿಗೆ 'ಮಾಲ್', x 'ಜಿಧ್ರ್' ಅಂದರೆ ಬೇರು, ಬಿಡಿ ಸಂಖ್ಯೆ 'ದಿರ್ಹಮ್'. ಮಾಲ್ ಎಂದರೆ ಆಸ್ತಿ, ಸರಕು. ನಮ್ಮ ಮನೆಗಳಲ್ಲೂ ಅಂಗಡಿಗಳಲ್ಲೂ ಇಂದಿಗೂ ಇರುವ ಮಾತು. ಇಲ್ಲಿ ಗಮನಿಸಬೇಕಾದ್ದು, ಅವರು ಮಾಲನ್ನು ಮಾಲಿಗೇ, ಬೇರನ್ನು ಬೇರಿಗೇ ಸೇರಿಸುತ್ತಿದ್ದರು. ಸಜಾತಿ ಪದ ಎಂದರೆ ಅದೇ. ಆಲ್‌ಜೀಬ್ರಾ ಎಂಬ ಹೆಸರು ಬಂದದ್ದೂ ಅವರ ಪುಸ್ತಕದ ಶೀರ್ಷಿಕೆಯಲ್ಲಿದ್ದ 'ಅಲ್ ಜಬ್ರ್' ಎಂಬುದರಿಂದ.

ಮಾಲ್, ಜಿಧ್ರ್, ದಿರ್ಹಮ್ ಎಂಬ ಈ ಮೂರು ಅಂತಸ್ತುಗಳನ್ನು ನಾವು ಘಾತದಿಂದ ಗುರುತಿಸುತ್ತೇವೆ. x ನ ತಲೆಯ ಮೇಲಿನ ಸಂಖ್ಯೆ ಘಾತಸೂಚಿ. 4x² ರಲ್ಲಿ ಅದು 2, −140x ನಲ್ಲಿ ಕಾಣದಿದ್ದರೂ 1, 1200 ರಲ್ಲಿ x ಇಲ್ಲವಾದ್ದರಿಂದ 0. ಇವುಗಳಲ್ಲಿ ಅತಿ ದೊಡ್ಡದೇ ಇಡೀ ಬೀಜೋಕ್ತಿಯ ಮಹತ್ತಮ ಘಾತ, ಅಂದರೆ ಡಿಗ್ರಿ. ಇಲ್ಲಿ 2. ಮೂರನ್ನೂ ಕೂಡಿ '3' ಎನ್ನಬೇಡಿ, ಹಾಗೆ ಬರೆದವರಿದ್ದಾರೆ. ದೊಡ್ಡ ಸಹಗುಣಕವನ್ನು ನೋಡಿಯೂ ಮೋಸಹೋಗಬಾರದು. 1200 ಎಷ್ಟೇ ದೊಡ್ಡದಿದ್ದರೂ ಅದರ ಡಿಗ್ರಿ 0. ಬಲ್ಲವರಿಗೊಂದು ಮಾತು: 140x ಕೂಡ ಚದರ ಅಡಿಯೇ, ಆದರೂ ಡಿಗ್ರಿ 1. ಡಿಗ್ರಿ ಅಳತೆಯ ಮಾನವನ್ನು ಎಣಿಸುವುದಿಲ್ಲ, ಚರಾಕ್ಷರ ಎಷ್ಟು ಸಲ ಗುಣಿತವಾಗಿದೆ ಎಂಬುದನ್ನಷ್ಟೇ ಎಣಿಸುತ್ತದೆ.

ಇನ್ನು ವರ್ಗೀಕರಣ ಸುಲಭ. ಒಂದೇ ಪದವಿದ್ದರೆ ಏಕಪದೋಕ್ತಿ, ಎರಡಿದ್ದರೆ ದ್ವಿಪದೋಕ್ತಿ, ಮೂರಿದ್ದರೆ ತ್ರಿಪದೋಕ್ತಿ. ನಮ್ಮ ಮನೆಯ ವಿಸ್ತೀರ್ಣ ತ್ರಿಪದೋಕ್ತಿ, ಅದರ ಅಗಲ 30 − 2x ದ್ವಿಪದೋಕ್ತಿ, ಒಂದು ಮೂಲೆಯ x² ಏಕಪದೋಕ್ತಿ. 'ಬಹು' ಎಂದರೆ ಹಲವು ಎಂಬ ಅರ್ಥ ಹಿಡಿದು ಇವು ಬಹುಪದೋಕ್ತಿ ಅಲ್ಲವೆಂದು ಎಷ್ಟೋ ಮಂದಿ ತಿಳಿಯುತ್ತಾರೆ. ಬಹುಪದೋಕ್ತಿ ಇಡೀ ಕುಟುಂಬದ ಹೆಸರು, ಏಕಪದೋಕ್ತಿಯೂ ಅದರ ಮಗುವೇ. 'ಇದು ಯಾವುದು?' ಎಂದು ಕೇಳಿದರೆ ಇರುವುದರಲ್ಲಿ ನಿಖರವಾದ ಹೆಸರು ಹೇಳಿ. 'ಇದು ಬಹುಪದೋಕ್ತಿಯೇ?' ಎಂದು ಕೇಳಿದರೆ 'ಹೌದು' ಎನ್ನಿ.

ಈ ಪಾಠ ಮುಗಿಯಿತೆಂದು ಡಸ್ಟರ್ ಎತ್ತಿಕೊಂಡಾಗ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತಳು. "ಸರ್, ನಮ್ಮ ಅಬ್ಬಾ ಮೇಸ್ತ್ರಿ. ನಾಲ್ಕೂ ಕಡೆ ಒಂದೇ ಥರ ಯಾರೂ ಬಿಡಲ್ಲ ಸರ್. ಮುಂದೆ ಗಾಡಿ ನಿಲ್ಲಿಸೋಕೆ ಜಾಸ್ತಿ ಬಿಡ್ತಾರೆ." ನಿಜ, ನಾನು ಲೆಕ್ಕ ಸುಲಭವಾಗಲೆಂದು ಮನೆಯನ್ನು ಕೆಡಿಸಿದ್ದೆ. ಮುಂದೆ y ಅಡಿ, ಉಳಿದ ಮೂರು ಕಡೆ x ಅಡಿ ಎಂದು ಅವಳನ್ನೇ ಬೋರ್ಡಿಗೆ ಕರೆದೆ. ಅಗಲ 30 − 2x, ಉದ್ದ 40 − x − y. ಅವಳು ಬಿಡಿಸಿ ಸಜಾತಿ ಪದ ಕೂಡಿಸಿದ್ದು ಹೀಗೆ:

2x² + 2xy − 110x − 30y + 1200

ಐದು ಪದ. ಇದಕ್ಕೆ ವಿಶೇಷ ಹೆಸರಿಲ್ಲ, ಬಹುಪದೋಕ್ತಿ ಎಂದರೆ ಸಾಕು. 2xy ಯ ಡಿಗ್ರಿ ಎಷ್ಟೆಂದು ಕೇಳಿದೆ. ತಲೆಯ ಮೇಲೆ ಸಂಖ್ಯೆ ಕಾಣಲಿಲ್ಲವೆಂದು ಕೆಲವರು 1 ಎಂದರು. x ನದು 1, y ಯದು 1. ಒಂದೇ ಪದದೊಳಗೆ ಎರಡು ಅಕ್ಷರ ಗುಣಿತವಾಗಿದ್ದರೆ ಅವುಗಳ ಘಾತಗಳನ್ನು ಕೂಡಬೇಕು, ಆದ್ದರಿಂದ 2. ಕೂಡುವುದು ಪದದ ಒಳಗೆ ಮಾತ್ರ. ಪದ ಪದಗಳ ನಡುವೆ ದೊಡ್ಡದನ್ನು ಆರಿಸುವುದು. x = 3, y = 5 ಎಂದಿಟ್ಟು ನೋಡಿದೆವು: 24 ನ್ನು 32 ರಿಂದ ಗುಣಿಸಿದರೆ 768, ಬೀಜೋಕ್ತಿಯಲ್ಲೂ 18 + 30 − 330 − 150 + 1200, ಅಂದರೆ 768.

ಕೊನೆಗೊಂದು ಎಚ್ಚರ. ಕಾಣುವುದೆಲ್ಲ ಬಹುಪದೋಕ್ತಿಯಲ್ಲ. 1200 ಚದರ ಅಡಿ ಸೈಟಿನ ಅಗಲ x ಆದರೆ ಉದ್ದ 1200/x. ಒಂದೇ ಪದದಂತೆ ಕಂಡರೂ ಇದು ಏಕಪದೋಕ್ತಿ ಅಲ್ಲ, ಏಕೆಂದರೆ x ಛೇದದಲ್ಲಿದೆ, ಘಾತಸೂಚಿ −1 ಆಗುತ್ತದೆ. ಚೌಕ ಸೈಟಿನ ವಿಸ್ತೀರ್ಣ x ಆದರೆ ಅದರ ಒಂದು ಬದಿ √x. ಅದೂ ಅಲ್ಲ, ಘಾತಸೂಚಿ ಅರ್ಧ. ಬಹುಪದೋಕ್ತಿಯಲ್ಲಿ ಚರಾಕ್ಷರದ ಘಾತಸೂಚಿ 0, 1, 2, 3 ಹೀಗೆ ಪೂರ್ಣ ಸಂಖ್ಯೆಯೇ ಆಗಿರಬೇಕು. ಆದರೆ √2 x ಸರಿ, x/2 ಕೂಡ ಸರಿ. ಮೂಲಚಿಹ್ನೆಯೂ ಭಾಗಾಕಾರವೂ ಅಲ್ಲಿ ಸಹಗುಣಕಕ್ಕೆ ತಗುಲಿವೆ, x ಗೆ ಅಲ್ಲ.

ಮಾಡಿ ನೋಡಲು ಒಂದು ಲೆಕ್ಕ. ಆ ಮನೆಗೆ ನೀರಿನ ಸಂಪು ತೋಡುತ್ತಿದ್ದಾರೆ. ಉದ್ದ, ಅಗಲ, ಆಳ ಮೂರೂ x ಅಡಿ. ಒಳಗೆ ತಳಕ್ಕೂ ನಾಲ್ಕು ಗೋಡೆಗೂ ಪ್ಲಾಸ್ಟರಿಂಗ್, ಚದರ ಅಡಿಗೆ 40 ರೂಪಾಯಿ ಎಂದಿಟ್ಟುಕೊಳ್ಳಿ. ಮೇಲಿನ ಮುಚ್ಚಳಕ್ಕೆ ಬೇರೆ 1500 ರೂಪಾಯಿ. ಎಷ್ಟು ನೀರು ಹಿಡಿಯುತ್ತದೆ ಎಂಬುದಕ್ಕೊಂದು, ಖರ್ಚಿಗೊಂದು, ಎರಡು ಬೀಜೋಕ್ತಿ ಬರೆಯಿರಿ. ಎರಡರ ಹೆಸರು, ಸಹಗುಣಕಗಳು, ಡಿಗ್ರಿ ಗುರುತಿಸಿ. ಬಿಡುವಿನ ವೇಳೆಯಲ್ಲಿ ಸ್ಟಾಫ್ ರೂಮಿಗೆ ತಂದು ತೋರಿಸಿ, ಮುಂದಿನ ಸಂಚಿಕೆಗೆ ಮೊದಲೇ ನೋಡಿಕೊಡುತ್ತೇನೆ.