ಕಂಪನಿ ಬಿಟ್ಟರೂ ಬಿಡದ ಜಾಮೀನು

ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ತಯಾರಿಸುವ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿ ಇದೆ ಎಂದುಕೊಳ್ಳಿ. ಇಬ್ಬರು ಸ್ನೇಹಿತರು ಅದರ ನಿರ್ದೇಶಕರು. ಕಂಪನಿಗೆ ಸಾಲ ಕೊಡುವಾಗ ಬ್ಯಾಂಕು ಇಬ್ಬರಿಂದಲೂ ವೈಯಕ್ತಿಕ ಜಾಮೀನು ಪತ್ರಕ್ಕೆ ಸಹಿ ಹಾಕಿಸಿಕೊಂಡಿತು. ಕೆಲವು ವರ್ಷಗಳ ನಂತರ ಒಬ್ಬರು ತಮ್ಮ ಷೇರುಗಳನ್ನು ಗೆಳೆಯನಿಗೆ ಮಾರಿ, ರಾಜೀನಾಮೆ ಕೊಟ್ಟು ಹೊರಬಂದರು. ಕಂಪನಿ ರಿಜಿಸ್ಟ್ರಾರರ ದಾಖಲೆಯಿಂದಲೂ ಅವರ ಹೆಸರು ಹೋಯಿತು. ಮುಂದೆ ಕಂಪನಿ 5 ಕೋಟಿ ರೂಪಾಯಿ ಬಾಕಿ ಉಳಿಸಿಕೊಂಡು ದಿವಾಳಿಯಾದಾಗ ಬ್ಯಾಂಕಿನ ನೋಟಿಸು ಬಂದದ್ದು ಇಬ್ಬರ ಮನೆಗೂ.

ಲಿಮಿಟೆಡ್ ಕಂಪನಿಯ ಸಾಲ ಕಂಪನಿಯದೇ, ಅದು ಮನೆಗೆ ಬರುವುದಿಲ್ಲ ಎಂದು ನಂಬಿದವರು ಬಹಳ ಮಂದಿ. ನಂಬಿಕೆ ತಪ್ಪಲ್ಲ. ಆದರೆ ಜಾಮೀನು ಪತ್ರ ಕಂಪನಿಯ ಸಾಲಪತ್ರದ ಭಾಗವಲ್ಲ. ಅದು ಬ್ಯಾಂಕಿಗೂ ಆ ವ್ಯಕ್ತಿಗೂ ನಡುವೆ ಪ್ರತ್ಯೇಕವಾಗಿ ನಡೆದ ಕರಾರು. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ, ಪತ್ರದಲ್ಲಿ ಬೇರೆ ಮಾತು ಇಲ್ಲದಿದ್ದರೆ, ಸಾಲಗಾರನಿಗೆ ಎಷ್ಟು ಹೊಣೆಯೋ ಜಾಮೀನುದಾರನಿಗೂ ಅಷ್ಟೇ. ಮೊದಲು ಕಂಪನಿಯ ಆಸ್ತಿ ಮಾರಿ, ಆಮೇಲೆ ನನ್ನಲ್ಲಿಗೆ ಬನ್ನಿ ಎಂದು ಕೇಳುವ ಹಕ್ಕು ಅವನಿಗಿಲ್ಲ.

ದಿವಾಳಿ ಪ್ರಕ್ರಿಯೆ ಶುರುವಾದಾಗ ಈ ವ್ಯತ್ಯಾಸ ಎದ್ದು ಕಾಣುತ್ತದೆ. 2016ರ ದಿವಾಳಿ ಸಂಹಿತೆಯಡಿ ಕಂಪನಿಯ ಪ್ರಕರಣವನ್ನು ಎನ್‌ಸಿಎಲ್‌ಟಿ ಅಂಗೀಕರಿಸಿದ ಕೂಡಲೇ ಕಂಪನಿಯ ಮೇಲಿನ ವಸೂಲಿ ದಾವೆಗಳಿಗೆ ತಡೆ ಬೀಳುತ್ತದೆ. ಆ ತಡೆ ನಿರ್ದೇಶಕರ ಜಾಮೀನಿಗೆ ರಕ್ಷಣೆ ಕೊಡುವುದಿಲ್ಲ. ಕೆಲವು ಕಾಲ ಇದರ ಬಗ್ಗೆ ವಾದ ನಡೆದಿತ್ತು. 2018ರಲ್ಲಿ ಕಾಯ್ದೆಯ ತಿದ್ದುಪಡಿಯೂ ಸುಪ್ರೀಂ ಕೋರ್ಟಿನ ತೀರ್ಪೂ ಅದನ್ನು ಮುಗಿಸಿದವು. 2019ರ ಡಿಸೆಂಬರ್ 1ರಿಂದ ಬ್ಯಾಂಕುಗಳು ಜಾಮೀನುದಾರರ ವಿರುದ್ಧವೇ ವೈಯಕ್ತಿಕ ದಿವಾಳಿ ಅರ್ಜಿಯನ್ನು ಎನ್‌ಸಿಎಲ್‌ಟಿಯಲ್ಲಿ ಹಾಕಬಹುದು. ಅದಕ್ಕೆ ಮೊದಲು ಬಾಕಿ ಕಟ್ಟಲು 14 ದಿನ ಗಡುವಿನ ನೋಟಿಸು ಕೊಡಬೇಕು. 2021ರ ಮೇ ತಿಂಗಳಲ್ಲಿ ಲಲಿತ್ ಕುಮಾರ್ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ವ್ಯವಸ್ಥೆಯನ್ನು ಎತ್ತಿಹಿಡಿಯಿತು.

ಆ ತೀರ್ಪಿನ ಇನ್ನೊಂದು ಮಾತು ಜಾಮೀನುದಾರರಿಗೆ ಹೆಚ್ಚು ಕಠಿಣವಾದದ್ದು. ನಮ್ಮ ಪೀಣ್ಯದ ಕಂಪನಿಯನ್ನು ಹೊಸಬರೊಬ್ಬರು ವಹಿಸಿಕೊಂಡು, 5 ಕೋಟಿ ಬಾಕಿಗೆ ಪ್ರತಿಯಾಗಿ 2 ಕೋಟಿ ಕೊಡುವ ಯೋಜನೆಗೆ ಒಪ್ಪಿಗೆ ಸಿಕ್ಕಿತು ಎನ್ನಿ. ಕಂಪನಿಯ ಮಟ್ಟಿಗೆ ಸಾಲ ತೀರಿತು. ಉಳಿದ 3 ಕೋಟಿಯೂ ಮನ್ನಾ ಆಯಿತೆಂದು ಜಾಮೀನುದಾರರು ನಿಟ್ಟುಸಿರು ಬಿಡುವಂತಿಲ್ಲ. ಯೋಜನೆ ಮಂಜೂರಾದ ಮಾತ್ರಕ್ಕೆ ಅವರ ಹೊಣೆ ಕಳಚುವುದಿಲ್ಲ ಎಂದು ಕೋರ್ಟು ಹೇಳಿದೆ. ಸಾಮಾನ್ಯವಾಗಿ ಪತ್ರದಲ್ಲಿ ಇಬ್ಬರ ಹೊಣೆಯೂ ಜಂಟಿ ಮತ್ತು ಪ್ರತ್ಯೇಕ ಎಂದಿರುವುದರಿಂದ, ಬ್ಯಾಂಕು ಇಡೀ 3 ಕೋಟಿಯನ್ನು ಆಸ್ತಿ ಇರುವ ಒಬ್ಬರಿಂದಲೇ ಕೇಳಬಹುದು. ಅದನ್ನು ಕಟ್ಟಿದವರು ಅರ್ಧ ಪಾಲನ್ನು ಜೊತೆ ಜಾಮೀನುದಾರನಿಂದ ಕೇಳಬಹುದು, ಅವನಲ್ಲಿ ಏನಾದರೂ ಉಳಿದಿದ್ದರೆ. ಕರಾರು ಕಾಯ್ದೆಯಂತೆ ಕಂಪನಿಯಿಂದಲೂ ವಸೂಲು ಮಾಡುವ ಹಕ್ಕಿದೆ, ಆದರೆ ಮಂಜೂರಾದ ಯೋಜನೆಗಳು ಸಾಮಾನ್ಯವಾಗಿ ಆ ಹಕ್ಕನ್ನು ಅಳಿಸಿಹಾಕುತ್ತವೆ. ಹೊಸ ಮಾಲೀಕ ಹಳೆಯ ಲೆಕ್ಕಗಳಿಂದ ಮುಕ್ತನಾಗಿರಬೇಕು ಎಂಬುದು ಅದರ ಹಿಂದಿನ ತರ್ಕ. ಉದ್ಯಮ ಉಳಿಯಲಿ ಎಂಬ ಆಶಯ ನನಗೆ ಒಪ್ಪಿಗೆಯೇ. ಅದರ ಬೆಲೆಯನ್ನು ಕಂಪನಿ ಬಿಟ್ಟುಹೋದವರೂ ತೆರಬೇಕಾಗುತ್ತದೆ ಎಂಬುದನ್ನು ಸಹಿ ಹಾಕಿಸುವಾಗ ಯಾರೂ ಬಿಡಿಸಿ ಹೇಳುವುದಿಲ್ಲ ಎಂಬುದೇ ನನ್ನ ದೂರು.

ಹೊರಬಂದ ನಿರ್ದೇಶಕರ ಕಥೆ ಇಲ್ಲಿ ಮುಖ್ಯ. ರಾಜೀನಾಮೆ ಕಂಪನಿಗೆ ಕೊಟ್ಟದ್ದು, ಜಾಮೀನು ಬ್ಯಾಂಕಿಗೆ ಕೊಟ್ಟದ್ದು. ಒಂದು ಇನ್ನೊಂದನ್ನು ರದ್ದು ಮಾಡದು. ಓವರ್‌ಡ್ರಾಫ್ಟ್‌ನಂಥ ಚಾಲ್ತಿ ಸಾಲಕ್ಕೆ ಕೊಡುವುದು ಮುಂದುವರಿಯುವ ಜಾಮೀನು. ಬ್ಯಾಂಕಿಗೆ ನೋಟಿಸು ಕೊಟ್ಟು ಅದನ್ನು ಹಿಂದೆಗೆದುಕೊಳ್ಳಲು ಕಾಯ್ದೆಯಲ್ಲಿ ಅವಕಾಶವಿದೆ. ಆದರೆ ಅದು ಮುಂದಿನ ವ್ಯವಹಾರಕ್ಕೆ ಮಾತ್ರ. ಆ ದಿನದ ಬಾಕಿಗೆ ಹೊಣೆ ಹಾಗೇ ಇರುತ್ತದೆ. ಸಾಲದ ಷರತ್ತನ್ನು ಜಾಮೀನುದಾರನಿಗೆ ತಿಳಿಸದೆ ಬದಲಿಸಿದರೆ, ಬದಲಾವಣೆಯ ನಂತರದ ವ್ಯವಹಾರಕ್ಕೆ ಅವನು ಹೊಣೆಯಲ್ಲ ಎಂಬ ರಕ್ಷಣೆಯೂ ಕಾಯ್ದೆಯಲ್ಲಿದೆ. ಬ್ಯಾಂಕಿನ ಅಚ್ಚಾದ ಪತ್ರದಲ್ಲಿ ಆ ರಕ್ಷಣೆಯನ್ನು ಬಿಟ್ಟುಕೊಟ್ಟಿದ್ದೇನೆ ಎಂಬ ವಾಕ್ಯ ಸಾಮಾನ್ಯವಾಗಿ ಸೇರಿರುತ್ತದೆ.

ಹಾಗಾಗಿ ಷೇರು ಮಾರುವ ಕರಾರಿಗೆ ಸಹಿ ಹಾಕುವ ಮೊದಲೇ ಬ್ಯಾಂಕಿನಿಂದ ಜಾಮೀನು ಬಿಡುಗಡೆ ಪತ್ರ ಪಡೆಯಬೇಕು. ಬ್ಯಾಂಕು ಸಾಮಾನ್ಯವಾಗಿ ಬದಲಿ ಜಾಮೀನುದಾರನನ್ನೋ ಹೆಚ್ಚಿನ ಭದ್ರತೆಯನ್ನೋ ಕೇಳುತ್ತದೆ. ಅದನ್ನು ಒದಗಿಸುವ ಜವಾಬ್ದಾರಿಯನ್ನು ಷೇರು ಕೊಳ್ಳುವವರ ಮೇಲೆ ಕರಾರಿನಲ್ಲೇ ಹಾಕಬೇಕು. ಬ್ಯಾಂಕು ಒಪ್ಪದಿದ್ದರೆ, ಜಾಮೀನು ಹಿಂದೆಗೆದ ನೋಟಿಸನ್ನು ಸ್ವೀಕೃತಿಯೊಂದಿಗೆ ಕೊಟ್ಟು, ಆ ದಿನದ ಬಾಕಿ ಎಷ್ಟೆಂದು ಲಿಖಿತವಾಗಿ ಕೇಳಿ ಪಡೆಯಬೇಕು. ಹಳೆಯ ಜಾಮೀನು ಇನ್ನೂ ಜೀವಂತವಾಗಿದೆಯೇ ಎಂಬ ಅನುಮಾನ ಇರುವವರು ತಮ್ಮ ಸಿಬಿಲ್ ವರದಿ ತೆಗೆಸಿ ನೋಡಬಹುದು. ಜಾಮೀನುದಾರ ಎಂದು ನಮೂದಾದ ಖಾತೆಗಳು ಅಲ್ಲಿ ಕಾಣಿಸಿಕೊಳ್ಳಬಹುದು. ಕಾಣದಿದ್ದರೂ ಬ್ಯಾಂಕಿನಿಂದ ಒಂದು ಪತ್ರ ಕೇಳುವುದೇ ಕ್ಷೇಮ.