ಯಾರ ಕೈಗೆ ಯಾರು ನೀರು ಹೊಯ್ಯಬೇಕು

ಏಪ್ರಿಲ್ 13ರ ಬೆಳಗ್ಗೆ ಥಾಯ್ಲೆಂಡಿನ ಮೊಬೈಲುಗಳಿಗೆ ಬಿಡುವಿರುವುದಿಲ್ಲ. ಅಲ್ಲಿನವರು ಹೆಚ್ಚಾಗಿ ಬಳಸುವ ಲೈನ್ ಆ್ಯಪ್‌ನಲ್ಲಿ ಮಲ್ಲಿಗೆ ತೇಲುವ ಬೆಳ್ಳಿ ಬಟ್ಟಲು, ನೀರಿನ ಪಿಚಕಾರಿ ಹಿಡಿದ ಆನೆಮರಿ, ಹೂಬುಟ್ಟಾದ ಅಂಗಿ ತೊಟ್ಟ ಅಜ್ಜ-ಅಜ್ಜಿಯರ ಚಿತ್ರಗಳು ಒಂದರ ಹಿಂದೊಂದು ಬಂದು ಬೀಳುತ್ತವೆ. ಸೂರ್ಯ ಮೇಷಕ್ಕೆ ಕಾಲಿಡುವ ಸಂಕ್ರಾಂತಿಯೇ ಅಲ್ಲಿ ಸೊಂಗ್‌ಕ್ರಾನ್. ಇದೇ ಮೇಷ ಸಂಕ್ರಮಣವನ್ನು ತುಳುನಾಡಿನವರು ಬಿಸು ಪರ್ಬವೆಂದು ಕಣಿ ಇಟ್ಟು ಆಚರಿಸುತ್ತಾರೆ. ಥಾಯ್ಲೆಂಡಿನಲ್ಲಿ ಹಬ್ಬವನ್ನು 13ರಿಂದ 15ರವರೆಗೆ ಮೂರು ದಿನಕ್ಕೆ ನಿಗದಿ ಮಾಡಿದ್ದಾರೆ. 2023ರ ಡಿಸೆಂಬರಿನಲ್ಲಿ ಯುನೆಸ್ಕೊ ಇದನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಬ್ಯಾಂಕಾಕಿನಲ್ಲಿ ಗೆಳೆಯರಿರುವ ಕನ್ನಡಿಗರು ಈಗ ಕಡಿಮೆಯೇನಿಲ್ಲ. ಒಂದೇ ಕಂಪನಿಯ ಎರಡು ಕಚೇರಿಗಳಲ್ಲಿ ಕೆಲಸ ಮಾಡುವವರು, ಅಲ್ಲಿ ಓದಿ ಬಂದವರು ಇದ್ದಾರೆ. ಇಂಥವರು ಇಂಟರ್‌ನೆಟ್ಟಿನಲ್ಲಿ ಸಿಕ್ಕ ಒಂದು ಸಾಲನ್ನು ನಕಲು ಮಾಡಿ ಎಲ್ಲರಿಗೂ ಕಳಿಸಿಬಿಡುತ್ತಾರೆ. ಅದರಿಂದ ಯಾರೂ ಮುನಿಸಿಕೊಳ್ಳುವುದಿಲ್ಲ. ಆದರೆ ಸೊಂಗ್‌ಕ್ರಾನ್ ಸಂದೇಶಕ್ಕೆ ತನ್ನದೇ ಒಂದು ಕ್ರಮವಿದೆ, ಅದು ಬಂದಿರುವುದು ನೀರಿನಿಂದ. ಆ ದಿನ ಯಾರು ಯಾರ ಮೇಲೆ ನೀರು ಹಾಕುತ್ತಾರೆ ಎಂಬುದು ಗೊತ್ತಾದರೆ, ಯಾರಿಗೆ ಏನು ಬರೆಯಬೇಕೆಂಬುದೂ ಗೊತ್ತಾಗುತ್ತದೆ.

ಪ್ರವಾಸಿಗರ ಫೋಟೊಗಳಲ್ಲಿ ಕಾಣುವುದು ಬೀದಿಯ ನೀರಾಟ. ಮನೆಯೊಳಗಿನ ನೀರು ಬೇರೆ. ಹಬ್ಬದ ದಿನ ಮೊದಲು ಬುದ್ಧನ ಮೂರ್ತಿಗೆ ಪರಿಮಳದ ನೀರೆರೆಯುತ್ತಾರೆ. ಆಮೇಲೆ ಮನೆಯ ಹಿರಿಯರನ್ನು ಸಾಲಾಗಿ ಕೂರಿಸುತ್ತಾರೆ. ಹಿರಿಯರು ಎರಡೂ ಅಂಗೈಗಳನ್ನು ಮುಂದೆ ಚಾಚಿರುತ್ತಾರೆ. ಕಿರಿಯರು ಮೊಣಕಾಲೂರಿ ಕೂತು, ಮಲ್ಲಿಗೆ ಮತ್ತು ಗುಲಾಬಿ ಎಸಳು ಬಿಟ್ಟ ನೀರನ್ನು ಚಿಕ್ಕ ಬಟ್ಟಲಿನಿಂದ ಆ ಅಂಗೈಗಳ ಮೇಲೆ ಮೆಲ್ಲನೆ ಬಿಡುತ್ತಾರೆ. ಇದಕ್ಕೆ ‘ರೊತ್ ನಾಮ್ ದಾಮ್ ಹುವಾ’ ಎಂದು ಹೆಸರು. ನೀರು ಬಿಡುವಾಗ ಕಿರಿಯರು ಹೇಳುವುದು ಶುಭಾಶಯವಲ್ಲ. ವರ್ಷದಲ್ಲಿ ಮಾತಿನಲ್ಲೋ ನಡತೆಯಲ್ಲೋ ತಪ್ಪಾಗಿದ್ದರೆ ಕ್ಷಮಿಸಿ ಎನ್ನುತ್ತಾರೆ. ಅದಾದ ಮೇಲೆ ಹಿರಿಯರು ಒದ್ದೆ ಕೈಯಿಂದ ಮಗುವಿನ ತಲೆ ಸವರಿ ಹರಸುತ್ತಾರೆ. ಹೀಗೆ ನೀರು ಕಿರಿಯರಿಂದ ಹಿರಿಯರಿಗೆ ಹೋದರೆ, ಹರಕೆ ಹಿರಿಯರಿಂದ ಕಿರಿಯರಿಗೆ ಬರುತ್ತದೆ.

‘ದಾಮ್ ಹುವಾ’ ಎಂದರೆ ಉತ್ತರ ಥಾಯ್ಲೆಂಡಿನ ಮಾತಿನಲ್ಲಿ ತಲೆ ತೊಳೆಯುವುದು. ಚಿಯಾಂಗ್ ಮಾಯ್ ಕಡೆ ಈ ನೀರಿಗೆ ಅರಿಸಿನವನ್ನೂ ‘ಸೋಮ್ ಪೊಯ್’ ಎಂಬ ಕಾಯನ್ನೂ ಹಾಕುತ್ತಾರೆ. ಕಾಯನ್ನು ಮೊದಲು ಕೆಂಡದ ಮೇಲೆ ತುಸು ಸುಟ್ಟು, ಮುರಿದು ನೀರಿಗೆ ಬಿಡುವುದು ವಾಡಿಕೆ. ಈ ಸೋಮ್ ಪೊಯ್ ಬೇರೇನೂ ಅಲ್ಲ, ನಮ್ಮ ಸೀಗೆಕಾಯಿ. ನಮ್ಮ ಅಜ್ಜಿಯರು ಎಣ್ಣೆಸ್ನಾನಕ್ಕೆ ಬಳಸುತ್ತಿದ್ದ ಕಾಯಿ ಅಲ್ಲಿ ವರ್ಷದ ಕೊಳೆಯನ್ನೂ ತಪ್ಪನ್ನೂ ಒಟ್ಟಿಗೆ ತೊಳೆಯುತ್ತದೆ.

ಥಾಯ್ ಬದುಕಿನಲ್ಲಿ ಕೈಗೆ ನೀರು ಬಿಡುವ ಸಂದರ್ಭಗಳು ಇನ್ನೂ ಇವೆ, ಅವುಗಳಲ್ಲಿ ನೀರಿನ ದಿಕ್ಕು ಬದಲಾಗುತ್ತದೆ. ಮದುವೆಯಲ್ಲಿ ಹಿರಿಯರು ಶಂಖದಿಂದ ವಧೂವರರ ಕೈಮೇಲೆ ನೀರು ಬಿಟ್ಟು ಹರಸುತ್ತಾರೆ. ಸಾವಿನ ಮನೆಯಲ್ಲಿ ಬಂದವರೆಲ್ಲ ತೀರಿಕೊಂಡವರ ಕೈಗೆ ನೀರು ಬಿಟ್ಟು ಕೊನೆಯ ಬಾರಿ ಕ್ಷಮೆ ಕೇಳುತ್ತಾರೆ. ಈ ಎಲ್ಲದರಲ್ಲೂ ನೀರು ಒಬ್ಬರಿಂದ ಇನ್ನೊಬ್ಬರಿಗೆ ಒಂದೇ ಕಡೆಗೆ ಹರಿಯುತ್ತದೆ. ಗೆಳೆಯರ ನಡುವೆ ಮಾತ್ರ ಹಾಗಲ್ಲ. ಅಲ್ಲಿ ಇಬ್ಬರೂ ಎರಚುತ್ತಾರೆ, ಇಬ್ಬರೂ ನೆನೆಯುತ್ತಾರೆ. ಹಾಗಾಗಿ ಗೆಳೆಯನಿಗೆ ಬರೆಯುವಾಗ ಕ್ಷಮೆಯ ಮಾತೂ ಬೇಕಿಲ್ಲ, ದೇವರ ಮಧ್ಯಸ್ಥಿಕೆಯೂ ಬೇಕಿಲ್ಲ. ನೇರವಾಗಿ ಹಾರೈಸಬಹುದು.

ಹಿರಿಯರಿಗೆ ಬರೆಯುವಾಗ ಆ ಮಧ್ಯಸ್ಥಿಕೆ ಬೇಕಾಗುತ್ತದೆ. ಕಿರಿಯರು ಹಿರಿಯರನ್ನು ತಾವೇ ಹರಸುವುದು ಅಲ್ಲಿ ಅಷ್ಟು ಸರಿಯೆನಿಸುವುದಿಲ್ಲ. ಅದಕ್ಕೇ ಅವರು ಬುದ್ಧ, ಧರ್ಮ, ಸಂಘಗಳೆಂಬ ತ್ರಿರತ್ನವನ್ನೂ ಲೋಕದಲ್ಲಿರುವ ಪವಿತ್ರ ಶಕ್ತಿಗಳನ್ನೂ ಕರೆದು, ಅವು ನಿಮ್ಮನ್ನು ಚೆನ್ನಾಗಿಟ್ಟಿರಲಿ ಎಂದು ಬೇಡಿಕೊಳ್ಳುತ್ತಾರೆ. ಇಲ್ಲವೇ ತಾವೇ ಹರಕೆ ಕೇಳುತ್ತಾರೆ. ಹಿರಿಯರಿಂದ ಬರುವ ಹರಕೆಯಲ್ಲಿ ನಾಲ್ಕು ಮಾತುಗಳು ಆಗಾಗ ಕೇಳುತ್ತವೆ: ಆಯು, ವನ್ನ, ಸುಖ, ಫಲ. ಇವು ಪಾಳಿಯಿಂದ ಬಂದ ಆಯುಸ್ಸು, ಮೈಬಣ್ಣ, ಸುಖ ಮತ್ತು ಬಲ. ಕೊನೆಯದು ಹಣ್ಣಲ್ಲ, ಬಲದ ‘ಬ’ ಥಾಯ್ ಬಾಯಲ್ಲಿ ‘ಫ’ ಆಗಿದೆ, ಅಷ್ಟೆ. ದಿನಾ ಬೆಳಗ್ಗೆ ಭಿಕ್ಷೆ ಪಡೆದ ಭಿಕ್ಷುಗಳ ಹರಕೆಯಲ್ಲೂ ಈ ನಾಲ್ಕೇ ಇರುವುದರಿಂದ ಎಲ್ಲರಿಗೂ ಬಾಯಿಪಾಠ.

ಈಗ ಒಂದು ಸಂದೇಶವನ್ನೇ ಬರೆದು ನೋಡಬಹುದು. ಬರೆಯುವವಳು ಬೆಂಗಳೂರಿನ ಹುಡುಗಿ, ಅವಳ ಬ್ಯಾಂಕಾಕಿನ ಗೆಳತಿ ಎರಡು ವರ್ಷಕ್ಕೆ ದೊಡ್ಡವಳು ಎಂದಿಟ್ಟುಕೊಳ್ಳೋಣ. ಥಾಯ್ ಜನರಿಗೆ ಉದ್ದದ ಹೆಸರಿನ ಜೊತೆಗೆ ಚುಟುಕಾದ ಮುದ್ದುಹೆಸರೊಂದು ಇದ್ದೇ ಇರುತ್ತದೆ, ಗೆಳೆತನದಲ್ಲಿ ಓಡುವುದು ಅದೇ. ಈ ಗೆಳತಿಯದು ‘ನೋಕ್’, ಅಂದರೆ ಹಕ್ಕಿ. ಎರಡೇ ವರ್ಷ ದೊಡ್ಡವಳಾದರೂ ಬರೀ ಹೆಸರು ಹಿಡಿದು ಕರೆಯುವಂತಿಲ್ಲ. ಅಕ್ಕ-ಅಣ್ಣ ಇಬ್ಬರಿಗೂ ಸಲ್ಲುವ ‘ಫೀ’ ಸೇರಿಸಬೇಕು. ಈ ‘ಫ’ವನ್ನು ‘ಫಲ’ದ ಹಾಗೆ ಓದಬೇಕೇ ಹೊರತು ‘ಫೈಲ್’ನ ಹಾಗಲ್ಲ. ಹಾಗೆಯೇ ಅಲ್ಪಪ್ರಾಣದ ‘ಪೀ’ ಎಂದರೆ ವರ್ಷ. ಕನ್ನಡ ಲಿಪಿಗೆ ಈ ವ್ಯತ್ಯಾಸ ತೋರಿಸಲು ಬರುತ್ತದೆ, ಅದೊಂದು ಅನುಕೂಲ.

“ಫೀ ನೋಕ್, ಸುಕ್ ಸನ್ ವನ್ ಸೊಂಗ್‌ಕ್ರಾನ್ ನ ಖ. ಖೋ ಹೈ ಮೀ ಖ್ವಾಮ್ ಸುಕ್, ಸುಕ್‌ಖಫಾಪ್ ಖೇಂಗ್‌ರೇಂಗ್, ಛುಮ್‌ಛಾಮ್ ಯೆನ್ ಜೈ ತಲೋತ್ ಪೀ. ದೆನ್ ಥಾಂಗ್ ಪ್ಲೋತ್ ಫೈ ನ ಖ.”

ಮೊದಲ ವಾಕ್ಯ ‘ಸೊಂಗ್‌ಕ್ರಾನ್ ಶುಭಾಶಯ’. ಇದರ ಬದಲು ‘ಸವತ್‌ದೀ ಪೀ ಮೈ ಥಾಯ್’ ಎಂದರೂ ಆದೀತು, ಅಂದರೆ ಥಾಯ್ ಹೊಸ ವರ್ಷದ ಶುಭಾಶಯ. ಹೊಸ ವರ್ಷಕ್ಕೆ ‘ಥಾಯ್’ ಎಂಬ ವಿಶೇಷಣ ಬೇಕಾಗಿದ್ದಕ್ಕೆ ಕಾರಣವಿದೆ. ಹಿಂದೆ ಅಲ್ಲಿ ವರ್ಷ ಬದಲಾಗುತ್ತಿದ್ದದ್ದು ಸೊಂಗ್‌ಕ್ರಾನ್ ಹೊತ್ತಿಗೆ. 1889ರಲ್ಲಿ ದೊರೆ ಚುಲಾಲೊಂಗ್‌ಕೊರ್ನ್ ಅದನ್ನು ಏಪ್ರಿಲ್ 1ಕ್ಕೆ ನಿಲ್ಲಿಸಿದ. 1941ರಲ್ಲಿ ಸರ್ಕಾರ ಜನವರಿ 1ಕ್ಕೆ ಸರಿಸಿತು. ಹಾಗಾಗಿ ಅದರ ಹಿಂದಿನ ಬೌದ್ಧ ವರ್ಷ 2483 ಒಂಬತ್ತೇ ತಿಂಗಳಿಗೆ ಮುಗಿದುಹೋಯಿತು. ಈಗ ಥಾಯ್ ಜನ ಹೊಸ ವರ್ಷದ ಶುಭಾಶಯವನ್ನು ಎರಡು ಸಲ ಹೇಳಿಕೊಳ್ಳುತ್ತಾರೆ.

‘ಖೋ ಹೈ’ ಎಂದರೆ ‘ಆಗಲಿ ಎಂದು ಕೋರುವೆ’. ಅದರ ಹಿಂದೆ ಬರುವುದು ಸುಖ, ಗಟ್ಟಿ ಆರೋಗ್ಯ. ಇವೆರಡೂ ಯಾವ ಹಬ್ಬಕ್ಕಾದರೂ ಹೊಂದುವ ಮಾತುಗಳು, ಇವುಗಳ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಬಹಳ ಸಲಿಗೆಯಿದ್ದರೆ ‘ಖೋ ಹೈ ರುವಾಯ್ ರುವಾಯ್’ ಎಂದು ಬರೆದು ದುಡ್ಡಿನ ಮಳೆಯನ್ನೂ ಹಾರೈಸಬಹುದು. ಅದಕ್ಕೆ ಅಲ್ಲಿ ಯಾರೂ ನಾಚುವುದಿಲ್ಲ.

ಸೊಂಗ್‌ಕ್ರಾನಿಗೇ ಸೇರಿದ್ದು ‘ಛುಮ್‌ಛಾಮ್ ಯೆನ್ ಜೈ ತಲೋತ್ ಪೀ’. ಚೆನ್ನಾಗಿ ನೆನೆದು, ವರ್ಷವಿಡೀ ಮನಸ್ಸು ತಂಪಾಗಿರಲಿ ಎಂದು ಅದರ ಆಶಯ. ಬ್ಯಾಂಕಾಕಿನಲ್ಲಿ ಏಪ್ರಿಲ್ ಅತಿ ಸೆಕೆಯ ತಿಂಗಳು. ಮಳೆಗೆ ಇನ್ನೂ ಕಾಯಬೇಕು. ಅಂಥ ಹೊತ್ತಿನಲ್ಲಿ ಮೈಮೇಲೆ ಬಿದ್ದ ನೀರು ಕೊಡುವ ಸುಖವನ್ನೇ ಮನಸ್ಸಿಗೂ ವರ್ಷಕ್ಕೂ ಹಿಗ್ಗಿಸಿ ಹೇಳುವ ಮಾತು ಇದು. ಚೆನ್ನಾಗಿ ಬಾಳುವುದಕ್ಕೆ ಥಾಯ್‌ನಲ್ಲಿರುವ ಹಳೆಯ ನುಡಿಗಟ್ಟಿನಲ್ಲೂ ತಂಪು ಮತ್ತು ಸುಖ ಜೊತೆಯಾಗಿಯೇ ಇವೆ. ‘ನಿನ್ನ ಹೊಟ್ಟೆ ತಣ್ಣಗಿರಲಿ’ ಎಂದು ಹರಸುವ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೊನೆಯ ವಾಕ್ಯ ‘ಪ್ರಯಾಣ ಸುಖಕರವಾಗಿರಲಿ, ಜೋಪಾನ’. ಸಂದೇಶದಲ್ಲಿ ತುಂಬ ಕಾಳಜಿಯ ಮಾತು ಇದೇ ಎನ್ನಬೇಕು. ಹಬ್ಬಕ್ಕೆ ಬ್ಯಾಂಕಾಕಿನಿಂದ ಜನ ತಂಡತಂಡವಾಗಿ ಊರಿಗೆ ಹೊರಡುತ್ತಾರೆ. ರಸ್ತೆ ಅಪಘಾತಗಳು ಎಷ್ಟು ಹೆಚ್ಚುತ್ತವೆಂದರೆ, ಹಬ್ಬದ ಆಸುಪಾಸಿನ ಆ ವಾರಕ್ಕೆ ‘ಅಪಾಯದ ಏಳು ದಿನ’ ಎಂದೇ ಹೆಸರು ಬಿದ್ದಿದೆ. ಕುಡಿದು ಗಾಡಿ ಓಡಿಸುವುದೂ ಬೈಕ್ ಸವಾರರ ಮೇಲೆ ನೀರೆರಚುವುದೂ ಇದಕ್ಕೆ ಕೂಡಿಕೊಳ್ಳುತ್ತವೆ. ಊರಿಗೆ ಹೋಗದೆ ಬ್ಯಾಂಕಾಕಿನಲ್ಲೇ ಉಳಿದ ಗೆಳತಿಗಾದರೆ ‘ಲೆನ್ ನಾಮ್ ಹೈ ಸನೂಕ್ ನ ಖ’, ನೀರಾಟ ಮಜವಾಗಿ ಆಡು, ಎಂದು ಬದಲಿಸಬಹುದು.

ವಾಕ್ಯದ ತುದಿಯ ‘ಖ’ ವಿನಯದ ಗುರುತು. ಬರೆಯುವವರು ಹೆಂಗಸು ಎಂಬುದನ್ನೂ ಅದು ಹೇಳುತ್ತದೆ. ಗಂಡಸು ಬರೆದರೆ ‘ಖ್ರಾಪ್’ ಆಗಬೇಕು. ಓದುವವರು ಯಾರೆಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ. ಹೊರಗಿನವರು ಎಡವುವುದು ಇಲ್ಲೇ: ಹೆಂಗಸಿಗೆ ಬರೆಯುವ ಗಂಡಸು ‘ಖ’ ಹಾಕಿಬಿಡುತ್ತಾನೆ. ‘ಖ’ಕ್ಕೆ ಎರಡು ಸ್ವರಗಳು, ಎರಡು ಕಾಗುಣಿತಗಳು ಬೇರೆ ಇವೆ. ಸಾಮಾನ್ಯ ವಾಕ್ಯದ ಕೊನೆಯಲ್ಲಿ ಸ್ವರ ಇಳಿಯುತ್ತದೆ, ಪ್ರಶ್ನೆಯಲ್ಲೂ ‘ನ’ದ ನಂತರವೂ ಏರುತ್ತದೆ. ಇದನ್ನು ಥಾಯ್ ಜನರೇ ಎಷ್ಟೋ ಸಲ ತಪ್ಪು ಬರೆದು ಬೈಸಿಕೊಳ್ಳುತ್ತಾರೆ.

ಇದನ್ನೇ ನಕಲು ಮಾಡಿ ನೋಕ್‌ಳ ಅಮ್ಮನಿಗೂ ಕಳಿಸಬಹುದೆ? ಬೇಡ. ಅಮ್ಮನಿಗೆ ಬೆಂಗಳೂರಿನ ಹುಡುಗಿ ಹರಕೆ ಕೊಡುವುದಲ್ಲ, ಕೇಳಬೇಕು. ಅಮ್ಮನ ಕೈಗೆ ನೀರು ಬಿಡಲು ಅವಳು ಅಲ್ಲಿ ಇಲ್ಲವಲ್ಲ. ಆದ್ದರಿಂದ ಗೆಳತಿಯ ಸಂದೇಶದ ಕೆಳಗೇ ‘ಫಾಕ್ ಸವತ್‌ದೀ ಖುನ್ ಮೇ ದುವಾಯ್ ನ ಖ’ ಎಂದು ಸೇರಿಸಿದರೆ ಸಾಕು. ಅಮ್ಮನಿಗೂ ನನ್ನ ನಮಸ್ಕಾರ ಮುಟ್ಟಿಸು ಎಂದು ಇದರ ಅರ್ಥ.

ಕೋವಿಡ್ ಕಾಲದಲ್ಲಿ ಈ ಮುಟ್ಟಿಸುವ ಕೆಲಸ ಇಡೀ ದೇಶದ್ದಾಗಿತ್ತು. 2020ರಲ್ಲಿ ಸರ್ಕಾರ ಸೊಂಗ್‌ಕ್ರಾನ್ ರಜೆಯನ್ನೇ ಮುಂದೂಡಿತು, ನೀರೆರಚುವುದನ್ನು ನಿಲ್ಲಿಸಿತು. ಕಾಯಿಲೆಯ ಭಯ ಹೆಚ್ಚಿದ್ದದ್ದು ವಯಸ್ಸಾದವರಿಗೇ ಆದ್ದರಿಂದ ದೂರವಿರುವುದೇ ಮರ್ಯಾದೆಯಾಯಿತು. ಹರಕೆ ಕೇಳುವುದೂ ಕೊಡುವುದೂ ಫೋನಿನಲ್ಲೇ ನಡೆದವು. ಹರಕೆಗೆ ಥಾಯ್ ಮಾತು ಕೂಡ ‘ಫೋನ್’, ನಮ್ಮ ‘ವರ’ದಿಂದ ಹುಟ್ಟಿದ್ದು.

ತಯಾರಿ ಚಿತ್ರ ಕಳಿಸುವವರು ಅದರಲ್ಲಿ ಅಚ್ಚಾದ ಇಸವಿಯನ್ನು ನೋಡಿಕೊಳ್ಳುವುದು ಒಳ್ಳೆಯದು. ಅಲ್ಲಿರುವುದು ಬೌದ್ಧ ವರ್ಷ. ಅದರಲ್ಲಿ 543 ಕಳೆದರೆ ನಮ್ಮ ಲೆಕ್ಕ ಸಿಗುತ್ತದೆ. 2567 ಎಂದಿದ್ದರೆ ಅದು 2024ರ ಹಳಸಲು ಚಿತ್ರ. ಉತ್ತರದಲ್ಲಿ ‘ಚೆನ್ ಕನ್’ ಎಂದು ಬಂದರೆ ‘ನಿನಗೂ ಹಾಗೇ ಆಗಲಿ’ ಎಂದರ್ಥ. ಜೊತೆಗೆ 555 ಎಂದಿದ್ದರೆ ಗಾಬರಿ ಬೇಡ. ಐದಕ್ಕೆ ಥಾಯ್‌ನಲ್ಲಿ ‘ಹಾ’, ಹಾಗಾಗಿ ಅದು ಹಾಹಾಹಾ ಎಂಬ ನಗು.

15ನೇ ತಾರೀಕು ದಾಟಿಹೋಯಿತು ಎಂದು ಕೈಬಿಡಬೇಕಾಗಿಯೂ ಇಲ್ಲ. ಬ್ಯಾಂಕಾಕಿನ ಪಕ್ಕದಲ್ಲೇ ಇರುವ ಫ್ರಾ ಪ್ರದೇಂಗ್‌ನಲ್ಲಿ ಮೋನ್ ಸಮುದಾಯದವರು ಸೊಂಗ್‌ಕ್ರಾನನ್ನು ಒಂದು ವಾರ ತಡವಾಗಿ ಆಚರಿಸುತ್ತಾರೆ. ಪಟ್ಟಾಯದಲ್ಲಿ ‘ವನ್ ಲಾಯ್’ ಎಂಬ ನೀರಾಟ ಸಾಮಾನ್ಯವಾಗಿ 18, 19ರ ಸುಮಾರಿಗೆ ನಡೆಯುತ್ತದೆ. ಗೆಳತಿ ಆ ಕಡೆಯವಳಾದರೆ 18ಕ್ಕೆ ಕಳಿಸಿದ ಸಂದೇಶ ಅವಳು ಪಿಚಕಾರಿ ತುಂಬಿಸುವ ಹೊತ್ತಿಗೆ ಸರಿಯಾಗಿ ತಲುಪುತ್ತದೆ.